ಮುದ್ದೆ ಉಂಡರೂ ಮೈಗೆ ಹತ್ತದಿದ್ದರೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಅಂತ ಸುದ್ದಿಗಾಗಿ ತಿರುಗುವ ನಮಗೆ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ. "ಚೆನ್ನಾಗೇ ಉಣ್ತಾಳೆ ಸಾರ್, ಆದ್ರೆ ಮೈಗೆ ಹತ್ತಲ್ಲ." ಹೇಳುವವರು ಅದನ್ನು ಮೈಯ ಗುಣ ಅಂತ ಹೇಳಿ ಸುಮ್ಮನಾಗುತ್ತಾರೆ. ಆದರೆ ಉಂಡಿದ್ದು ಮೈಗೆ ಹತ್ತದೆ ಇರುವುದರ ಜೊತೆಗೆ ತಿಂಗಳುಗಟ್ಟಲೆ ಭೇದಿ, ಹೊಟ್ಟೆ ಉಬ್ಬರ, ತೂಕ ಇಳಿಯುವುದು ಸೇರಿಕೊಂಡರೆ ಅದು ಗುಣ ಅಲ್ಲ, ಕಾಯಿಲೆ. ಆ ಕಾಯಿಲೆ ಯಾವುದು ಅಂತ ಹುಡುಕುವ ದಾರಿಯನ್ನು ನಮ್ಮ ಮನೆಯಲ್ಲೇ ಒಂದು ವರ್ಷ ನೋಡಿದ್ದೇವೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಕಾಯಿಲೆ ಬಿದ್ದವರು ನಮ್ಮ ದೊಡ್ಡಪ್ಪನ ಸೊಸೆ, ನಮಗೆ ಅತ್ತಿಗೆಯಾಗಬೇಕು. ಶ್ರೀನಿವಾಸಪುರ ತಾಲ್ಲೂಕಿನ ಮಾವಿನ ತೋಪಿನ ಊರು. ವಯಸ್ಸು ಮೂವತ್ತನಾಲ್ಕು. "ನಾಲ್ಕು ಜನಕ್ಕೆ ಉಪಯೋಗ ಆಗೋದಾದ್ರೆ ಬರಿಯಪ್ಪಾ, ಹೆಸರು ಮಾತ್ರ ಬೇಡ" ಅಂದರು. ಹಾಗಾಗಿ ಹೆಸರಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಮ್ಮೆ ಜೋರು ಭೇದಿ ಆಯಿತು. ಒಂದು ವಾರಕ್ಕೆ ಕಡಿಮೆಯಾಯಿತು ಅನ್ನಿಸಿತು, ಆದರೆ ಪೂರ್ತಿ ನಿಲ್ಲಲಿಲ್ಲ. ದಿನಕ್ಕೆ ನಾಲ್ಕೈದು ಸಲ, ಅದರಲ್ಲಿ ಒಂದು ಸಲ ನಡುರಾತ್ರಿ ಎದ್ದು ಹೋಗಬೇಕು. ಮಾವಿನ ಕಾಲ ಬಂದಾಗ "ಹಣ್ಣಿನ ಉಷ್ಣ" ಅಂದರು. ಕಾಲ ಮುಗಿದರೂ ಭೇದಿ ಮುಗಿಯಲಿಲ್ಲ. ಮೆಡಿಕಲ್ ಸ್ಟೋರಿನಿಂದ ಭೇದಿ ಮಾತ್ರೆ ತಂದರೆ ಐದು ದಿನ ಹಗುರ, ಹತ್ತನೇ ದಿನಕ್ಕೆ ಮತ್ತೆ ಅದೇ. ಹುಳದ ಮಾತ್ರೆಯೂ ಆಯಿತು. ದೀಪಾವಳಿ ಹೊತ್ತಿಗೆ 53 ಕೆಜಿ ಇದ್ದವರು 41ಕ್ಕೆ ಬಂದಿದ್ದರು. ಉಣ್ಣುವುದೇನೂ ಬಿಟ್ಟಿರಲಿಲ್ಲ. ಎರಡು ಹೊತ್ತು ಮುದ್ದೆ, ಸಾರು, ಬೆಳಿಗ್ಗೆ ಚಪಾತಿಯೋ ಚಿತ್ರಾನ್ನವೋ ಇದ್ದೇ ಇತ್ತು.

ಇದು ಹೇಗೆ ಸಾಧ್ಯ ಅಂತ ಅರ್ಥವಾಗಬೇಕಾದರೆ ಕರುಳಿನ ಕೆಲಸ ಗೊತ್ತಿರಬೇಕು. ನಮ್ಮ ಸಣ್ಣ ಕರುಳು ಸುಮಾರು ಇಪ್ಪತ್ತು ಅಡಿ ಉದ್ದ. ಅದರ ಒಳಮೈ ಹೊಸ ಟರ್ಕಿ ಟವೆಲ್ ಥರ. ಟವೆಲ್ಲಿನ ಮೇಲೆ ಎದ್ದು ನಿಂತ ನೂಲಿನ ಎಳೆಗಳಿರುತ್ತವಲ್ಲ, ಹಾಗೆ ಕರುಳಿನೊಳಗೂ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಒತ್ತಾಗಿ ನಿಂತಿರುತ್ತವೆ. ಅರಗಿದ ಆಹಾರವನ್ನು ಹೀರಿ ರಕ್ತಕ್ಕೆ ಕೊಡುವುದು ಆ ಎಳೆಗಳು. ಟವೆಲ್ ಹಳೆಯದಾಗಿ ಎಳೆಯೆಲ್ಲ ಸವೆದರೆ ನೀರು ಹೀರುತ್ತದಾ? ಕರುಳೂ ಹಾಗೇ. ಎಳೆ ಸವೆದ ಕರುಳಿಗೆ ಎಷ್ಟು ಉಣ್ಣಿಸಿದರೂ ಹೀರದೆ ಉಳಿದ ಆಹಾರ ಮುಂದಕ್ಕೆ ಹೋಗಿ, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳ ಬಾಯಿಗೆ ಬಿದ್ದು ಗ್ಯಾಸ್ ಆಗುತ್ತದೆ. ಅದೇ ಉಬ್ಬರ. ಜೊತೆಗೆ ನೀರೂ ಎಳೆದುಕೊಂಡು ಹೋಗುತ್ತದೆ. ಅದೇ ಭೇದಿ. ಕೊಬ್ಬು ಹೀರದೆ ಉಳಿದರೆ ಮಲ ಎಣ್ಣೆ ಎಣ್ಣೆಯಾಗಿ, ಕೆಟ್ಟ ವಾಸನೆಯಿಂದ, ನೀರಿನ ಮೇಲೆ ತೇಲುತ್ತದೆ. ಒಂದು ಚೊಂಬು ನೀರಿಗೆ ಹೋಗುವುದಿಲ್ಲ, ಬೇಸಿನ್ನಿಗೆ ಅಂಟಿಕೊಂಡಿರುತ್ತದೆ. ಅತ್ತಿಗೆ ಇದನ್ನು ತಿಂಗಳುಗಳಿಂದ ಗಮನಿಸಿದ್ದರು. ಯಾರಿಗೂ ಹೇಳಿರಲಿಲ್ಲ, ನಾಚಿಕೆ. ಡಾಕ್ಟರ್ ಕೇಳಿದಾಗಲೇ ಬಾಯಿ ಬಿಟ್ಟರು.

ಎಳೆ ಸವೆಯುವುದಕ್ಕೆ ಕಾರಣ ಒಂದಲ್ಲ. ಈಗ ಎಲ್ಲರ ಫೋನಿನಲ್ಲೂ ಓಡಾಡುತ್ತಿರುವ ಹೆಸರು ಗ್ಲುಟನ್. ಗೋಧಿ, ಬಾರ್ಲಿಯಲ್ಲಿರುವ ಅಂಟಿನಂಥ ಪ್ರೋಟೀನ್ ಅದು. ಕೆಲವರ ದೇಹ ಅದನ್ನು ಶತ್ರು ಅಂತ ತಿಳಿದು ಹೋರಾಡುವ ಭರದಲ್ಲಿ ತನ್ನದೇ ಕರುಳಿನ ಎಳೆಗಳನ್ನು ಹಾಳುಮಾಡಿಕೊಳ್ಳುತ್ತದೆ. ಇದಕ್ಕೆ ಸೀಲಿಯಾಕ್ ಕಾಯಿಲೆ ಅಂತ ಹೆಸರು. ಬೆಂಗಳೂರಲ್ಲಿರುವ ನಮ್ಮ ಅಣ್ಣನ ಮಗ ಒಂದು ವಿಡಿಯೋ ನೋಡಿ ಫೋನ್ ಮಾಡಿ "ಚಿಕ್ಕಮ್ಮಾ, ನಿಮಗೆ ಗೋಧಿ ಆಗಲ್ಲ, ಬಿಟ್ಟುಬಿಡಿ" ಅಂದ. ಅತ್ತಿಗೆ ಚಪಾತಿ, ಉಪ್ಪಿಟ್ಟು, ಬಿಸ್ಕತ್ತು ಎಲ್ಲ ಬಿಟ್ಟರು. ಹದಿನೈದು ದಿನದಲ್ಲಿ ಉಬ್ಬರ ಸ್ವಲ್ಪ ಇಳಿಯಿತು. ಕಾರಣ ಸಿಕ್ಕೇಬಿಟ್ಟಿತು ಅಂತ ಮನೆಯವರಿಗೆಲ್ಲ ಖುಷಿ. ಆದರೆ ಎರಡು ತಿಂಗಳಾದರೂ ಭೇದಿ ನಿಲ್ಲಲಿಲ್ಲ, ತೂಕ ಇಳಿಯುವುದೂ ನಿಲ್ಲಲಿಲ್ಲ.

ಇಲ್ಲಿ ತಿಳಿಯಬೇಕಾದ್ದು ಎರಡಿದೆ. ಮೊದಲನೆಯದು, ಗೋಧಿ ಬಿಟ್ಟಾಗ ಉಬ್ಬರ ಇಳಿದರೆ ಸೀಲಿಯಾಕ್ ಇದೆ ಅಂತ ಅರ್ಥವಲ್ಲ. ಗೋಧಿಯಲ್ಲಿ ಗ್ಲುಟನ್ ಅಲ್ಲದೆ ಅರಗದ ಒಂದು ಬಗೆಯ ಸಕ್ಕರೆ ಅಂಶವೂ ಇದೆ. ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಅದೇ ಇದೆ. ಅದು ಯಾರ ಹೊಟ್ಟೆಯಲ್ಲಾದರೂ ಗ್ಯಾಸ್ ಮಾಡುತ್ತದೆ, ಕೆಟ್ಟ ಕರುಳಿನಲ್ಲಿ ಇನ್ನೂ ಹೆಚ್ಚು. ಕಾಯಿಲೆ ಬೇರೆಯೇ ಇದ್ದರೂ ಗೋಧಿ ಬಿಟ್ಟರೆ ಉಬ್ಬರ ಇಳಿಯಬಹುದು.

ಎರಡನೆಯದು ಇನ್ನೂ ಮುಖ್ಯ. ಸೀಲಿಯಾಕ್ ಇದೆಯಾ ಅಂತ ನೋಡುವ ಮೊದಲ ಪರೀಕ್ಷೆ ರಕ್ತದ್ದು. ಚೀಟಿಯಲ್ಲಿ ಟಿ.ಟಿ.ಜಿ. ಐ.ಜಿ.ಎ. ಅಂತ ಬರೆಯುತ್ತಾರೆ. ಗೋಧಿಯ ವಿರುದ್ಧ ಹೋರಾಡುವ ದೇಹ ಒಂದು ಬಗೆಯ ಪ್ರತಿಕಾಯ ತಯಾರು ಮಾಡುತ್ತದೆ, ಅದನ್ನು ಅಳೆಯುವ ಪರೀಕ್ಷೆ ಇದು. ಗೋಧಿ ಬಿಟ್ಟುಬಿಟ್ಟರೆ ಹೋರಾಟವೂ ತಣ್ಣಗಾಗುತ್ತದೆ, ಪ್ರತಿಕಾಯವೂ ಇಳಿಯುತ್ತಾ ಹೋಗುತ್ತದೆ. ಆಗ ಕಾಯಿಲೆ ಇದ್ದರೂ ರಿಪೋರ್ಟಿನಲ್ಲಿ ಇಲ್ಲ ಅಂತ ಬರಬಹುದು. ಅದಕ್ಕೇ ಪರೀಕ್ಷೆ ಆಗುವವರೆಗೆ ಗೋಧಿ ಬಿಡಬಾರದು. ಆಗಲೇ ಬಿಟ್ಟಿದ್ದವರಿಗೆ ಸಾಮಾನ್ಯವಾಗಿ ದಿನಕ್ಕೆ ಎರಡು ಚಪಾತಿಯಷ್ಟು ಗೋಧಿಯನ್ನು ಆರು ವಾರ ತಿಂದು ಆಮೇಲೆ ರಕ್ತ ಕೊಡಲು ಹೇಳುತ್ತಾರೆ.

ಅತ್ತಿಗೆಯನ್ನು ಕರೆದುಕೊಂಡು ನಾವು ದೊಡ್ಡ ಆಸ್ಪತ್ರೆಗೆ ಹೋದಾಗ ಹೊಟ್ಟೆಯ ಡಾಕ್ಟರ್ ಮೊದಲು ನೋಡಿದ್ದು ಹೊಟ್ಟೆಯನ್ನಲ್ಲ, ನಾಲಿಗೆಯನ್ನು. ಅದು ಕೆಂಪಗೆ, ನುಣ್ಣಗೆ ಆಗಿತ್ತು. ಮಸ್ಸೊಪ್ಪು ಸಾರಿನ ಖಾರವೂ ತಡೆಯುತ್ತಿರಲಿಲ್ಲ. ಆಮೇಲೆ ಕೈಬೆರಳ ಗೆಣ್ಣು ನೋಡಿದರು, ಕಪ್ಪಗಾಗಿತ್ತು. "ಕಾಲು ಜೋಮು ಹಿಡಿಯುತ್ತಾ ಅಮ್ಮಾ?" ಅಂತ ಕೇಳಿದರು. ಹೌದು ಅಂದರು ಅತ್ತಿಗೆ. ನಂತರ ನಾವು ಒಯ್ದಿದ್ದ ಹಳೆಯ ರಕ್ತದ ರಿಪೋರ್ಟನ್ನು ಕೈಗೆತ್ತಿಕೊಂಡರು.

ಆ ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ 7.6 ಇತ್ತು. ರಕ್ತ ಕಡಿಮೆ ಅಂತ ನಾಲ್ಕು ತಿಂಗಳಿಂದ ಕಬ್ಬಿಣದ ಮಾತ್ರೆ ನುಂಗುತ್ತಿದ್ದರು, ಏರಿರಲಿಲ್ಲ. ಡಾಕ್ಟರ್ ಬೆರಳಿಟ್ಟು ತೋರಿಸಿದ್ದು ಅದರ ಕೆಳಗಿನ ಇನ್ನೊಂದು ಸಾಲನ್ನು. ಎಂ.ಸಿ.ವಿ. ಅಂತ ಬರೆದಿತ್ತು, ಎದುರಿಗೆ 112. ಕೆಂಪು ರಕ್ತಕಣದ ಗಾತ್ರ ಅದು. 80ರಿಂದ 100ರೊಳಗೆ ಇರಬೇಕು. ಕಬ್ಬಿಣ ಕಡಿಮೆಯಾದರೆ ಕಣ ಚಿಕ್ಕದಾಗಿ ಈ ಅಂಕಿ 80ಕ್ಕಿಂತ ಇಳಿಯುತ್ತದೆ. ಫೋಲಿಕ್ ಆಮ್ಲವೋ ಬಿ12 ಅನ್ನುವ ವಿಟಮಿನ್ನೋ ಕಡಿಮೆಯಾದರೆ ಕಣ ದಪ್ಪಗಾಗಿ ಅಂಕಿ ಏರುತ್ತದೆ. ಅತ್ತಿಗೆಗೆ ಕಡಿಮೆ ಇದ್ದದ್ದು ಕಬ್ಬಿಣವಲ್ಲ. ಕಬ್ಬಿಣದ ಮಾತ್ರೆ ಕೆಲಸ ಮಾಡದ್ದಕ್ಕೆ ಕಾರಣ ಒಂದೇ ಸಾಲಿನಲ್ಲಿ ಬರೆದಿಟ್ಟಿತ್ತು.

ಈ ಅಂಕಿ ಕರುಳಿನ ಯಾವ ಭಾಗ ಕೆಟ್ಟಿದೆ ಅನ್ನುವುದಕ್ಕೂ ಸುಳಿವು ಕೊಡುತ್ತದೆ. ಕಬ್ಬಿಣವನ್ನು ಹೀರುವುದು ಸಣ್ಣ ಕರುಳಿನ ಶುರುವಿನ ಭಾಗ. ಬಿ12 ಹೀರುವುದು ಕಟ್ಟಕಡೆಯ ಭಾಗ. ಸೀಲಿಯಾಕ್ ಮೊದಲು ಹಾಳುಮಾಡುವುದು ಶುರುವನ್ನು, ಅದಕ್ಕೇ ಅಲ್ಲಿ ಕಬ್ಬಿಣದ ಕೊರತೆ ಹೆಚ್ಚು. ಬಿ12 ಕೂಡ ಬಿದ್ದುಹೋಗಿದೆ ಅಂದರೆ ಕರುಳು ಉದ್ದಕ್ಕೂ ಸವೆದಿರಬಹುದು. ಇದು ಸುಳಿವು ಮಾತ್ರ, ತೀರ್ಪಲ್ಲ. ಹೆಂಡ ಕುಡಿಯುವವರಲ್ಲಿ, ಥೈರಾಯ್ಡ್ ಕಡಿಮೆ ಇರುವವರಲ್ಲಿ ಕೂಡ ಎಂ.ಸಿ.ವಿ. ಏರುತ್ತದೆ. ಕಬ್ಬಿಣ, ಬಿ12 ಎರಡೂ ಒಟ್ಟಿಗೆ ಕಡಿಮೆಯಾದರೆ ಅಂಕಿ ಸರಿಯಾಗಿದೆ ಅನ್ನುವ ಹಾಗೆ ನಡುವೆ ನಿಂತು ಮೋಸ ಮಾಡುವುದೂ ಉಂಟು.

ಮುಂದೆ ಎಂಡೋಸ್ಕೋಪಿ ಆಯಿತು. ಬಾಯಿಂದ ಸಣ್ಣ ಕೊಳವೆ ಇಳಿಸಿ, ಸಣ್ಣ ಕರುಳಿನ ಶುರುವಿನಿಂದ ಅಕ್ಕಿಕಾಳಿಗಿಂತ ಚಿಕ್ಕ ಐದಾರು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ನೋವೇನೂ ಆಗಲಿಲ್ಲ, ಓಕರಿಕೆ ಬಂದ ಹಾಗಾಯಿತು ಅಷ್ಟೇ ಅಂದರು ಅತ್ತಿಗೆ. ಎಳೆಗಳು ಗಿಡ್ಡಗಾಗಿವೆ ಅಂತ ರಿಪೋರ್ಟ್ ಬಂತು. ಟಿ.ಟಿ.ಜಿ. ಮಾತ್ರ ಇಲ್ಲ ಅಂತ ಬಂತು. ಈಗ ತೊಡಕು ಶುರುವಾಯಿತು. ಎಳೆ ಗಿಡ್ಡಗಾಗುವುದು ಸೀಲಿಯಾಕ್‌ನಲ್ಲೂ ಉಂಟು, ಬೇರೆ ಕಾಯಿಲೆಗಳಲ್ಲೂ ಉಂಟು. ರಕ್ತದ ಪರೀಕ್ಷೆ ನಂಬೋಣ ಅಂದರೆ ಎರಡು ತಿಂಗಳಿಂದ ಗೋಧಿ ತಿಂದಿಲ್ಲ. 41 ಕೆಜಿಗೆ ಬಂದಿರುವವರನ್ನು ಇನ್ನೂ ಆರು ವಾರ ಕಾಯಿಸುವ ಹಾಗೂ ಇಲ್ಲ.

ಹಾಗಾಗಿ ಡಾಕ್ಟರ್ ವಂಶವಾಹಿ ಪರೀಕ್ಷೆ ಬರೆದರು. ಡಿಕ್ಯೂ2, ಡಿಕ್ಯೂ8 ಅನ್ನುವ ಎರಡು ವಂಶವಾಹಿಗಳಲ್ಲಿ ಒಂದಾದರೂ ಇಲ್ಲದವರಿಗೆ ಸೀಲಿಯಾಕ್ ಬರುವುದಿಲ್ಲ ಅಂತಲೇ ಹೇಳಬಹುದು. ಗೋಧಿ ತಿಂದರೂ ಬಿಟ್ಟರೂ ಈ ಫಲಿತಾಂಶ ಬದಲಾಗುವುದಿಲ್ಲ. ಆದರೆ ವಂಶವಾಹಿ ಇದೆ ಅಂತ ಬಂದರೆ ಕಾಯಿಲೆ ಇದೆ ಅಂತ ಅರ್ಥವಲ್ಲ, ನಮ್ಮಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಅದು ಇರುತ್ತದೆ. ಅತ್ತಿಗೆಗೆ ಎರಡೂ ಇರಲಿಲ್ಲ. ಗೋಧಿಯ ಮೇಲಿನ ಆರೋಪ ಅಲ್ಲಿಗೆ ಬಿದ್ದುಹೋಯಿತು. ಚಪಾತಿ ಬಿಡದೆ ಇದ್ದಿದ್ದರೆ ಈ ಒಂದು ಪರೀಕ್ಷೆಯ ಖರ್ಚು ಉಳಿಯುತ್ತಿತ್ತು.

ಇನ್ನುಳಿದ ಕಾರಣಗಳನ್ನು ಒಂದೊಂದಾಗಿ ನೋಡಿದರು. ಜಿಯಾರ್ಡಿಯಾ ಅನ್ನುವ ಪರಾವಲಂಬಿ ಕೆಟ್ಟ ನೀರಿನಿಂದ ಬರುತ್ತದೆ. ಒಂದು ದಿನದ ಮಲದಲ್ಲಿ ಕಾಣದೆ ಇರಬಹುದು ಅಂತ ಮೂರು ಬೇರೆ ಬೇರೆ ದಿನದ್ದು ಕೇಳಿದರು. ಸಿಗಲಿಲ್ಲ. ಕರುಳಿನ ಕ್ಷಯವನ್ನು ನಮ್ಮ ಕಡೆ ಯಾವಾಗಲೂ ಯೋಚಿಸಲೇಬೇಕು. ಸಂಜೆ ಜ್ವರ, ರಾತ್ರಿ ಬೆವರು, ಹೊಟ್ಟೆಯ ಬಲಗಡೆ ಕೆಳಗೆ ನೋವು ಅದರ ಲಕ್ಷಣ. ಅತ್ತಿಗೆಗೆ ಇರಲಿಲ್ಲ, ಸ್ಕ್ಯಾನಿನಲ್ಲೂ ಕಾಣಲಿಲ್ಲ. ಥೈರಾಯ್ಡ್, ಸಕ್ಕರೆ, ಎಚ್.ಐ.ವಿ. ನೋಡಿದರು. ಎಲ್ಲ ಸರಿ ಇತ್ತು. ಮೇದೋಜೀರಕ ಗ್ರಂಥಿ ಕೆಟ್ಟರೂ ಎಣ್ಣೆ ಮಲ ಬರುತ್ತದೆ, ಆದರೆ ಅಲ್ಲಿ ಹೊಟ್ಟೆಯಿಂದ ಬೆನ್ನಿಗೆ ಹೊಡೆಯುವ ನೋವು, ಚಿಕ್ಕ ವಯಸ್ಸಿಗೇ ಸಕ್ಕರೆ ಕಾಯಿಲೆ ಜೊತೆಗಿರುವುದು ಹೆಚ್ಚು.

ಎಲ್ಲ ಕಳೆದ ಮೇಲೆ ಉಳಿದ ಹೆಸರು ಟ್ರಾಪಿಕಲ್ ಸ್ಪ್ರೂ. ಹೆಸರು ನಮಗೆ ಹೊಸದು, ಕಾಯಿಲೆ ನಮ್ಮ ಪಕ್ಕದ್ದೇ. 1960ರ ದಶಕದ ಶುರುವಿನಲ್ಲಿ ವೆಲ್ಲೂರು ಸುತ್ತಲಿನ ಆಗಿನ ಉತ್ತರ ಆರ್ಕಾಟ್ ಜಿಲ್ಲೆಯ ಹಳ್ಳಿಗಳಲ್ಲಿ ಇದು ಊರೂರಿಗೇ ಹಬ್ಬಿತ್ತು. ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಯ ಸೆಲ್ವಿನ್ ಬೇಕರ್ ಮತ್ತು ವಿ.ಐ. ಮಾಥನ್ ಆ ಹಳ್ಳಿಗಳಿಗೇ ಹೋಗಿ ಅಧ್ಯಯನ ಮಾಡಿದರು. ಇವತ್ತು ಜಗತ್ತಿನ ಡಾಕ್ಟರುಗಳಿಗೆ ಈ ಕಾಯಿಲೆ ಬಗ್ಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ವೆಲ್ಲೂರಿನಿಂದಲೇ ಬಂದದ್ದು. ಮುಳಬಾಗಿಲಿನಿಂದ ಚಿತ್ತೂರು ದಾಟಿದರೆ ಸಿಗುವ ಊರು ಅದು. ಇದಕ್ಕೆ ಇಂಥದ್ದೇ ಒಂದು ಕ್ರಿಮಿ ಕಾರಣ ಅಂತ ಸಾಬೀತಾಗಿಲ್ಲ. ಒಂದು ಜೋರು ಭೇದಿಯ ನಂತರ ಸಣ್ಣ ಕರುಳಿನಲ್ಲಿ ಇರಬಾರದಷ್ಟು ಬ್ಯಾಕ್ಟೀರಿಯಾ ನೆಲೆಯೂರಿ, ಎಳೆಗಳು ಸವೆದು, ಫೋಲಿಕ್ ಆಮ್ಲ ಹೀರುವುದು ನಿಂತು, ಅದರ ಕೊರತೆಯಿಂದ ಎಳೆಗಳು ಮತ್ತೆ ಬೆಳೆಯದೆ ಕಾಯಿಲೆ ಸುತ್ತುತ್ತಲೇ ಇರುತ್ತದೆ. ಈಗ ಮೊದಲಿನಷ್ಟು ಇಲ್ಲದಿದ್ದರೂ ಹೋಗಿಲ್ಲ.

ಮದ್ದು ಸರಳ, ದಿನ ಮಾತ್ರ ಹೆಚ್ಚು. ಅತ್ತಿಗೆಗೆ ಬಿ12 ಇಂಜೆಕ್ಷನ್, ದಿನಕ್ಕೆ 5 ಮಿಲಿಗ್ರಾಂ ಫೋಲಿಕ್ ಆಮ್ಲದ ಮಾತ್ರೆ, ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯಾಟಿಕ್ ಬರೆದರು. ಇದನ್ನು ಮೂರರಿಂದ ಆರು ತಿಂಗಳು ತೆಗೆದುಕೊಳ್ಳಬೇಕು. ಮೆಡಿಕಲ್ ಸ್ಟೋರಿನ ಐದು ದಿನದ ಮಾತ್ರೆಗೆ ಭೇದಿ ನಿಂತು ಮತ್ತೆ ಬರುತ್ತಿದ್ದದ್ದು ಯಾಕೆ ಅಂತ ಆಗ ಅರ್ಥವಾಯಿತು. ಆ ಮಾತ್ರೆ ಬ್ಯಾಕ್ಟೀರಿಯಾ ತಗ್ಗಿಸುತ್ತಿತ್ತು, ಆದರೆ ಸವೆದ ಎಳೆ ಬೆಳೆಯುವಷ್ಟು ದಿನ ಕೊಡುತ್ತಿರಲಿಲ್ಲ.

ಇದನ್ನು ಓದಿ ಯಾರೂ ಅಂಗಡಿಗೆ ಹೋಗಿ ಕೊಳ್ಳಬೇಡಿ. ಡಾಕ್ಸಿಸೈಕ್ಲಿನ್ ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ಕೊಡುವಂಥದ್ದಲ್ಲ. ಬಿ12 ಕಡಿಮೆ ಇರುವವರು ಬರೀ ಫೋಲಿಕ್ ಮಾತ್ರೆ ನುಂಗಿದರೆ ರಕ್ತ ಏರಿದ ಹಾಗೆ ಕಂಡರೂ ಒಳಗೆ ನರಗಳಿಗೆ ಏಟು ಬೀಳುತ್ತಾ ಹೋಗುತ್ತದೆ. ಅದಕ್ಕೇ ಮೊದಲು ಇಂಜೆಕ್ಷನ್ ಕೊಟ್ಟದ್ದು.

ಒಂದೇ ವಾರದಲ್ಲಿ ನಾಲಿಗೆ ಉರಿ ಹೋಯಿತು, ಹಸಿವು ಬಂತು. ಭೇದಿ ನಿಲ್ಲಲು ಒಂದು ತಿಂಗಳು ಹಿಡಿಯಿತು. ಮೊದಲ ಎರಡು ತಿಂಗಳು ಹಾಲು ಕುಡಿಯಬೇಡಿ ಅಂದಿದ್ದರು, ಯಾಕೆಂದರೆ ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ಇರುವುದು ಆ ಎಳೆಗಳ ತುದಿಯಲ್ಲೇ. ಎಳೆ ಬೆಳೆದ ಮೇಲೆ ಅದೂ ಬರುತ್ತದೆ. ಅಲ್ಲಿಯವರೆಗೆ ಮಜ್ಜಿಗೆ ನಡೆಯಿತು. ಆರು ತಿಂಗಳಿಗೆ ತೂಕ 48 ಕೆಜಿ, ಹಿಮೋಗ್ಲೋಬಿನ್ 11.8. ಕಾಲಿನ ಜೋಮು ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ. ನರ ಸರಿಯಾಗುವುದು ನಿಧಾನ, ತಡವಾದಷ್ಟೂ ಕಷ್ಟ.

ಹಾಗಾದರೆ ನಮ್ಮ ಕಡೆ ಗೋಧಿಯ ಕಾಯಿಲೆ ಇಲ್ಲವೇ ಇಲ್ಲವೇ? ಇದೆ, ಕಡಿಮೆ. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ದೇಶದ ಮೂರು ಭಾಗದ 23 ಸಾವಿರಕ್ಕೂ ಹೆಚ್ಚು ಜನರ ರಕ್ತ ನೋಡಿದರು. ಉತ್ತರದಲ್ಲಿ ಸಾವಿರಕ್ಕೆ ಸುಮಾರು 12 ಜನರ ರಕ್ತದಲ್ಲಿ ಸೀಲಿಯಾಕ್‌ನ ಪ್ರತಿಕಾಯ ಇತ್ತು, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಲ್ಲಿ. ವಂಶವಾಹಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿತ್ತು. ದೊಡ್ಡ ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ. ಅಲ್ಲಿನವರು ದಿನಕ್ಕೆ 455 ಗ್ರಾಂ ಗೋಧಿ ತಿನ್ನುತ್ತಿದ್ದರೆ ಇಲ್ಲಿನವರು 25 ಗ್ರಾಂ. ಮಾಲೂರಿನ ಕೈಗಾರಿಕಾ ಪ್ರದೇಶಕ್ಕೆ ಉತ್ತರದಿಂದ ಕೆಲಸಕ್ಕೆ ಬಂದಿರುವ ಮನೆಗಳಲ್ಲಿ ಒಂದು ಮಗು ಹೊಟ್ಟೆ ಉಬ್ಬಿ, ಕೈಕಾಲು ಸಣ್ಣಗಾಗಿ, ವಯಸ್ಸಿಗೆ ತಕ್ಕ ಎತ್ತರ ಬೆಳೆಯದಿದ್ದರೆ ಅಲ್ಲಿ ಟಿ.ಟಿ.ಜಿ. ಪರೀಕ್ಷೆಯನ್ನು ಮೊದಲೇ ಮಾಡಿಸಬೇಕು. ಬೇಕರಿ, ಪರೋಟ, ಸಕ್ಕರೆ ಕಾಯಿಲೆಯವರ ಚಪಾತಿ ಹೆಚ್ಚುತ್ತಿರುವ ನಮ್ಮ ಮನೆಗಳಲ್ಲೂ ಅದನ್ನು ಮರೆಯುವ ಹಾಗಿಲ್ಲ.

ಸೀಲಿಯಾಕ್ ಅಂತ ಖಚಿತವಾದವರು ಗೋಧಿಯನ್ನು ಜೀವನಪೂರ್ತಿ ಬಿಡಬೇಕು, ಚೂರೂ ಇಲ್ಲದ ಹಾಗೆ. ಅವರಿಗೆ ನಮ್ಮ ಜಿಲ್ಲೆಯ ಊಟ ವರ. ರಾಗಿ, ಅಕ್ಕಿ, ಜೋಳ, ಅವರೆಕಾಳು, ತೊಗರಿ ಯಾವುದರಲ್ಲೂ ಗ್ಲುಟನ್ ಇಲ್ಲ. ದುಬಾರಿ ಪ್ಯಾಕೆಟ್ ಹಿಟ್ಟು ಬೇಕಿಲ್ಲ. ಮೋಸ ಹೋಗುವುದು ಬೇರೆ ಕಡೆ. ಮಿಲ್ಲಿನಲ್ಲಿ ಗೋಧಿ ಬೀಸಿದ ಬೆನ್ನಿಗೇ ರಾಗಿ ಬೀಸಿಸಿದರೆ ಕಲ್ಲಿನಲ್ಲಿ ಉಳಿದ ಗೋಧಿ ಹಿಟ್ಟು ರಾಗಿಗೆ ಸೇರುತ್ತದೆ. ಅಂಥವರ ಮನೆಯ ರಾಗಿಯನ್ನು ಬರೀ ರಾಗಿ ಬೀಸುವ ಮಿಲ್ಲಿನಲ್ಲೇ ಬೀಸಿಸಬೇಕು. ಸಾರಿಗೆ ಹಾಕುವ ಪುಡಿ ಇಂಗಿನಲ್ಲಿ ಬಹಳ ಸಲ ಗೋಧಿ ಹಿಟ್ಟೋ ಮೈದಾವೋ ಬೆರೆಸಿರುತ್ತಾರೆ, ಡಬ್ಬಿಯ ಹಿಂದೆ ಓದಬೇಕು. ರವೆ, ಶಾವಿಗೆ, ಮೈದಾ ಮೂರೂ ಗೋಧಿಯೇ. ಹೋಟೆಲ್ಲಿನಲ್ಲಿ ದೋಸೆ ಹಿಟ್ಟಿಗೆ ರವೆ ಹಾಕಿದ್ದಾರಾ ಕೇಳಬೇಕು, ಗೋಬಿ ಮಂಚೂರಿಯಲ್ಲಿ ಮೈದಾ, ಸೋಯಾ ಸಾಸ್ ಎರಡೂ ಇರುತ್ತದೆ.

ಇನ್ನು ಹಾಲು ಕುಡಿದಾಗ ಮಾತ್ರ ಹೊಟ್ಟೆ ಗುಡುಗುಟ್ಟಿ ಭೇದಿಯಾಗಿ, ಮಜ್ಜಿಗೆ ಕುಡಿದರೆ ಏನೂ ಆಗದವರು ನಮ್ಮಲ್ಲಿ ಬಹಳ ಜನ. ಅವರಿಗೆ ತೂಕ ಇಳಿಯುವುದಿಲ್ಲ, ರಕ್ತ ಕಡಿಮೆಯಾಗುವುದಿಲ್ಲ. ಹಾಲು ಕಡಿಮೆ ಮಾಡಿದರೆ ಸಾಕು, ಹೆದರಬೇಕಿಲ್ಲ. ಚಿಂತೆ, ಗಡಿಬಿಡಿಗೆ ಹೊಟ್ಟೆ ಕೆಡುವವರಿಗೂ ಸಾಮಾನ್ಯವಾಗಿ ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಇರುವುದಿಲ್ಲ. ನಾಲ್ಕು ವಾರಕ್ಕಿಂತ ಹೆಚ್ಚು ಭೇದಿ, ರಾತ್ರಿ ಏಳುವುದು, ತೂಕ ಇಳಿಯುವುದು, ರಕ್ತ ಕಡಿಮೆ, ಎಣ್ಣೆ ಮಲ, ಇವುಗಳಲ್ಲಿ ಎರಡು ಸೇರಿದರೂ ಪರೀಕ್ಷೆ ಬೇಕು.

ಹೋಗುವ ಮುಂಚೆ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಶುರುವಾದ ತಿಂಗಳು, ಆಗಿನ ತೂಕ, ಈಗಿನ ತೂಕ, ದಿನಕ್ಕೆ ಎಷ್ಟು ಸಲ, ರಾತ್ರಿ ಎಷ್ಟು ಸಲ, ಮಲ ತೇಲುತ್ತದಾ, ಯಾವ ಯಾವ ಮಾತ್ರೆ ತೆಗೆದುಕೊಂಡಿರಿ, ಗೋಧಿ ತಿನ್ನುತ್ತಿದ್ದೀರಾ ಅಥವಾ ಎಂದಿನಿಂದ ಬಿಟ್ಟಿದ್ದೀರಿ. ಹಳೆಯ ರಕ್ತದ ರಿಪೋರ್ಟುಗಳನ್ನು ಒಂದೂ ಬಿಸಾಡದೆ ಒಯ್ಯಿರಿ. ಅತ್ತಿಗೆಯ ವಿಷಯದಲ್ಲಿ ದಾರಿ ತೋರಿಸಿದ ಅಂಕಿ ನಾಲ್ಕು ತಿಂಗಳಿಂದ ಅವರ ಅಡುಗೆಮನೆಯ ಗೂಡಿನಲ್ಲಿ, ಮಡಚಿದ ಒಂದು ಕಾಗದದಲ್ಲೇ ಇತ್ತು.